ಮೆಟ್ಟಿಲ ದೀಪದಿಂದ ಆಗದ ಕೆಲಸ

ಮಹಡಿ ಮನೆಯ ಮೆಟ್ಟಿಲ ದೀಪಕ್ಕೆ ಎರಡು ಸ್ವಿಚ್ ಇರುತ್ತವೆ, ಕೆಳಗೊಂದು, ಮೇಲೊಂದು. ಯಾವುದನ್ನು ಒತ್ತಿದರೂ ಉರಿಯುವ ದೀಪ ಆರುತ್ತದೆ, ಆರಿದ ದೀಪ ಹೊತ್ತಿಕೊಳ್ಳುತ್ತದೆ. ಎರಡೂ ಸ್ವಿಚ್ ಒಂದೇ ಕಡೆಗಿದ್ದರೆ ಬೆಳಕು, ಬೇರೆ ಬೇರೆ ಕಡೆಗಿದ್ದರೆ ಕತ್ತಲೆ ಎಂಬಂತೆ ವೈರಿಂಗ್ ಆಗಿದೆ ಅಂದುಕೊಳ್ಳಿ. ತರ್ಕಶಾಸ್ತ್ರದವರು ಇದನ್ನೇ p ↔ q ಎಂದು ಬರೆಯುತ್ತಾರೆ. p, q ಎರಡೂ ನಿಜವಾಗಿದ್ದರೆ ಅಥವಾ ಎರಡೂ ಸುಳ್ಳಾಗಿದ್ದರೆ ಮಾತ್ರ ಇದು ನಿಜ. ಇದರ ಜೊತೆಗೆ ¬ ಎಂಬ ಇನ್ನೊಂದು ಚಿಹ್ನೆ ಕೊಡೋಣ. ಅದು ನಿಜವನ್ನು ಸುಳ್ಳು ಮಾಡುತ್ತದೆ, ಸುಳ್ಳನ್ನು ನಿಜ ಮಾಡುತ್ತದೆ. ಈ ಎರಡನ್ನೇ ಎಷ್ಟು ಸಲ ಬೇಕಾದರೂ ಬಳಸಿ ‘p, q ಎರಡೂ ನಿಜ’ ಎಂಬ ಸರಳ ಮಾತನ್ನು, ಅಂದರೆ p ∧ q ವನ್ನು, ಹೇಳಲು ಬರುತ್ತದೆಯೇ?

ಕಾಗದ ಹಿಡಿದು ಕೂತವರಿಗೆ ಮೊದಲ ಅರ್ಧ ಗಂಟೆ ‘ಬರುತ್ತದೆ’ ಎಂದೇ ಅನಿಸುತ್ತದೆ. (p ↔ (q ↔ ¬p)) ಎಂದು ಬರೆದು ನೋಡುತ್ತಾರೆ. ಇಷ್ಟು ಉದ್ದದ್ದು ಏನೋ ಹೊಸದನ್ನು ಹೇಳೀತು ಎಂದುಕೊಂಡರೆ, ಲೆಕ್ಕ ಹಾಕಿದಾಗ ಅದು ಬರೀ ¬q ಆಗಿ ಕುಸಿಯುತ್ತದೆ. ಇನ್ನೂ ಉದ್ದದ್ದು ಬರೆಯಬಹುದು, ಕಂಪ್ಯೂಟರಿಗೆ ಹೇಳಿ ಲಕ್ಷಗಟ್ಟಲೆ ಬರೆಸಬಹುದು. ಒಂದೂ ಸಿಗಲಿಲ್ಲ ಎಂದರೆ ಒಂದೂ ಇಲ್ಲ ಎಂದಾಗುವುದಿಲ್ಲ, ಸೂತ್ರಗಳಿಗೆ ಕೊನೆಯೇ ಇಲ್ಲವಲ್ಲ. ಎಲ್ಲ ಸೂತ್ರಗಳ ಮೇಲೂ ಒಟ್ಟಿಗೆ ತೀರ್ಪು ಕೊಡುವ ದಾರಿಯೊಂದು ಬೇಕು. ರಚನೆಯ ಮೇಲಿನ ಅನುಗಮನ, ಕಾಲೇಜಿನವರ ಬಾಯಲ್ಲಿ ಸ್ಟ್ರಕ್ಚರಲ್ ಇಂಡಕ್ಷನ್, ಅಂಥ ದಾರಿ.

ಅದು ನಿಂತಿರುವುದು ಸೂತ್ರ ಎಂದರೇನು ಎಂಬ ವ್ಯಾಖ್ಯೆಯ ಮೇಲೆ. p ಮತ್ತು q ಎಂಬ ಅಕ್ಷರಗಳು ಸೂತ್ರಗಳು. A ಸೂತ್ರವಾದರೆ ¬A ಕೂಡ ಸೂತ್ರ. A, B ಸೂತ್ರಗಳಾದರೆ (A ↔ B) ಕೂಡ ಸೂತ್ರ. ಇಷ್ಟನ್ನು ಎಲ್ಲರೂ ನೆನಪಿಡುತ್ತಾರೆ; ಇದರ ಬೆನ್ನಿಗೆ ಬರುವ ‘ಈ ರೀತಿ ಕಟ್ಟಿದ್ದಲ್ಲದೆ ಬೇರೆ ಯಾವುದೂ ಸೂತ್ರವಲ್ಲ’ ಎಂಬ ಸಾಲನ್ನು ಹಾರಿಸಿಬಿಡುತ್ತಾರೆ. ನನ್ನ ಪ್ರಕಾರ ಇಡೀ ವಿಧಾನದ ಜೀವ ಇರುವುದು ಈ ಸಾಲಿನಲ್ಲೇ. ಎಷ್ಟೇ ಉದ್ದದ ಸೂತ್ರ ಕೊಟ್ಟರೂ ಅದನ್ನು ಬಿಡಿಸುತ್ತ ಹೋದರೆ ಕೆಲವೇ ಹೆಜ್ಜೆಗಳಲ್ಲಿ ಅಕ್ಷರಗಳಿಗೆ ಬಂದು ಮುಟ್ಟಲೇಬೇಕು ಎಂಬ ಭರವಸೆ ಅದರಿಂದಲೇ ಸಿಗುವುದು. ಹಾಗಾಗಿ ಒಂದು ಗುಣ ಅಕ್ಷರಗಳಿಗೆ ಇದೆ ಎಂದು ತೋರಿಸಿ, ಭಾಗಗಳಿಗೆ ಅದು ಇದ್ದರೆ ಅವುಗಳಿಂದ ಕಟ್ಟಿದ್ದಕ್ಕೂ ಇರುತ್ತದೆ ಎಂದು ಪ್ರತಿಯೊಂದು ನಿಯಮಕ್ಕೂ ತೋರಿಸಿದರೆ ಮುಗಿಯಿತು. ಆ ಗುಣ ತಪ್ಪಿಸಿಕೊಂಡು ಹೋಗುವ ಸೂತ್ರಕ್ಕೆ ಹುಟ್ಟಲು ಜಾಗವೇ ಉಳಿಯುವುದಿಲ್ಲ.

ನಮ್ಮ ಪ್ರಶ್ನೆಗೆ ಇದನ್ನು ನೇರವಾಗಿ ಹಚ್ಚಿ ನೋಡೋಣ. ಸಾಧಿಸಬೇಕಾದ ಗುಣ: ‘ಈ ಸೂತ್ರ p ∧ q ಗೆ ಸಮಾನವಲ್ಲ’. ಅಕ್ಷರಗಳಿಗೆ ಸರಿ, p ಆಗಲಿ q ಆಗಲಿ p ∧ q ಅಲ್ಲ. ಮುಂದಿನದು ¬A. A ಎಂಬುದು p ∧ q ಅಲ್ಲ ಎಂದು ಒಪ್ಪಿಕೊಂಡಿದ್ದೇವೆ, ¬A ಕೂಡ ಅಲ್ಲ ಎಂದು ತೋರಿಸಬೇಕು. ಆದರೆ A ಎಂಬುದು p ∧ q ದ ತಿರುವುಮುರುವು ಆಗಿದ್ದರೆ? ಆಗ ¬A ಸರಿಯಾಗಿ p ∧ q ಆಗಿಬಿಡುತ್ತದೆ, ನಾವು ಒಪ್ಪಿಕೊಂಡ ಮಾತು ಅದನ್ನು ತಡೆಯುವುದಿಲ್ಲ. ಬಂಡಿ ಇಲ್ಲಿಗೇ ನಿಂತಿತು. ಹೇಳಿಕೆ ಸುಳ್ಳಾದ್ದರಿಂದ ನಿಂತದ್ದಲ್ಲ, ಭಾಗಗಳ ಬಗ್ಗೆ ಅದು ಹೇಳುವುದು ತೀರಾ ಕಡಿಮೆಯಾದ್ದರಿಂದ ನಿಂತದ್ದು.

ಇಲ್ಲಿ ಮಾಡಬೇಕಾದ ಕೆಲಸ ಮೊದಲ ಸಲ ಕೇಳಿದವರಿಗೆ ಉಲ್ಟಾ ಅನಿಸುತ್ತದೆ: ಇನ್ನೂ ದೊಡ್ಡ ಮಾತನ್ನು ಸಾಧಿಸಲು ಹೊರಡಬೇಕು. ದೊಡ್ಡ ಮಾತನ್ನು ಸಾಧಿಸುವಾಗ ಭಾಗಗಳ ಬಗ್ಗೆ ಒಪ್ಪಿಕೊಳ್ಳುವುದೂ ದೊಡ್ಡದೇ ಆಗುತ್ತದೆ, ಕೈಗೆ ಹೆಚ್ಚು ಬಂಡವಾಳ ಸಿಗುತ್ತದೆ. ಯಾವ ಮಾತು ಎಂದು ಊಹಿಸಲು ಉದಾಹರಣೆಗಳನ್ನೇ ನೋಡಬೇಕು. p, q ಎರಡಕ್ಕೆ ನಿಜ–ಸುಳ್ಳು ಹಂಚುವ ಬಗೆ ನಾಲ್ಕು. ಈ ನಾಲ್ಕರಲ್ಲಿ p ನಿಜವಾಗುವುದು 2 ಸಲ, q ಕೂಡ 2 ಸಲ, ¬p ಕೂಡ 2 ಸಲ, (p ↔ q) ಕೂಡ 2 ಸಲ. (p ↔ p) ಮಾತ್ರ 4 ಸಲವೂ ನಿಜ, ಅದರ ¬ ಒಂದು ಸಲವೂ ಇಲ್ಲ. 0, 2, 4 ಬಂದವು. 1 ಮತ್ತು 3 ಬರಲೇ ಇಲ್ಲ. p ∧ q ನಿಜವಾಗುವುದೋ ಒಂದೇ ಸಲ. ಹಾಗಾದರೆ ಸಾಧಿಸಬೇಕಾದ ಗುಣ ‘ಪ್ರತಿಯೊಂದು ಸೂತ್ರವೂ ನಾಲ್ಕರಲ್ಲಿ ಸಮಸಂಖ್ಯೆಯಷ್ಟು ಸಲ ನಿಜ’.

ಅಕ್ಷರಗಳಿಗೆ 2, ಸರಿ. A ಎಂಬುದು ಸಮಸಂಖ್ಯೆಯಷ್ಟು ಸಲ ನಿಜವಾದರೆ ¬A ನಿಜವಾಗುವುದು ಉಳಿದಷ್ಟು ಸಲ. 4ರಿಂದ ಸಮಸಂಖ್ಯೆ ಕಳೆದರೆ ಸಮಸಂಖ್ಯೆಯೇ. ಮೊದಲು ಬಂಡಿ ನಿಂತಿದ್ದ ಜಾಗ ಒಂದೇ ಕಳೆಯುವ ಲೆಕ್ಕದಲ್ಲಿ ದಾಟಿತು. ಇನ್ನು (A ↔ B). A ನಿಜವಾಗುವುದು a ಸಲ, B ನಿಜವಾಗುವುದು b ಸಲ, ಎರಡೂ ಒಟ್ಟಿಗೆ ನಿಜವಾಗುವುದು c ಸಲ ಎನ್ನಿ. A ಮಾತ್ರ ನಿಜವಾದದ್ದು a − c ಸಲ, B ಮಾತ್ರ ನಿಜವಾದದ್ದು b − c ಸಲ. ಇವೆರಡು ಸೇರಿದರೆ, ಅಂದರೆ A, B ಒಂದಕ್ಕೊಂದು ಒಪ್ಪದ ಸಲಗಳು, a + b − 2c. a ಮತ್ತು b ಸಮ ಎಂದು ಒಪ್ಪಿಕೊಂಡಿದ್ದೇವೆ, 2c ಹೇಗೂ ಸಮ, ಆದ್ದರಿಂದ ಮೊತ್ತವೂ ಸಮ. (A ↔ B) ನಿಜವಾಗುವುದು 4ರಲ್ಲಿ ಇದನ್ನು ಕಳೆದು ಉಳಿದಷ್ಟು ಸಲ, ಅದೂ ಸಮ. c ಎಷ್ಟು ಎಂದು ನಮಗೆ ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಬೀಳಲಿಲ್ಲ. ಎರಡು ಚಿಹ್ನೆಗಳಿಂದ ಕಟ್ಟಿದ ಯಾವ ಸೂತ್ರವೂ p ∧ q ಆಗಲಾರದು.

‘A ಸಮ ಎಂದು ಒಪ್ಪಿಕೊಂಡೆವಲ್ಲ, ಅದು ಮೋಸವಲ್ಲವೇ’ ಎಂದು ಕೇಳುವವರು ಇದ್ದಾರೆ. (p ↔ (q ↔ ¬p)) ನ್ನೇ ತೆಗೆದುಕೊಳ್ಳಿ. p ಸಮ, ಆದ್ದರಿಂದ ¬p ಸಮ. q ಸಮ, ಆದ್ದರಿಂದ (q ↔ ¬p) ಸಮ. ಅದರಿಂದ ಪೂರ್ತಿ ಸೂತ್ರ ಸಮ. ಒಪ್ಪಿಕೊಂಡ ಪ್ರತಿಯೊಂದು ಮಾತೂ ಅದಕ್ಕಿಂತ ಚಿಕ್ಕ ಸೂತ್ರದ ಬಗ್ಗೆ, ಅದರ ಸಾಲ ಕೆಳಗೆ ಎಲ್ಲೋ ತೀರಿಯೇ ಇರುತ್ತದೆ.

ಸಾಧನೆ ಪೊಳ್ಳಲ್ಲ ಎಂದು ಪರೀಕ್ಷಿಸಲು ಒಳ್ಳೆಯ ಉಪಾಯ, ಅದನ್ನು ಕೆಡಿಸಿ ನೋಡುವುದು. ನಿಯಮಗಳಿಗೆ ∧ ಸೇರಿಸಿದರೆ (A ∧ B) ನಿಜವಾಗುವುದು c ಸಲ, ಆ c ಬಗ್ಗೆ ನಮ್ಮ ಊಹೆ ಏನೂ ಹೇಳುವುದಿಲ್ಲ. ಹೆಜ್ಜೆ ಮುರಿಯುತ್ತದೆ, ಮುರಿಯಲೂ ಬೇಕು. ಬುಡವೂ ಅಷ್ಟೇ ಮುಖ್ಯ. q ವನ್ನು ತೆಗೆದು p ಒಂದನ್ನೇ ಉಳಿಸಿದರೆ ಹಂಚುವ ಬಗೆ ಎರಡೇ, ಅದರಲ್ಲಿ p ನಿಜವಾಗುವುದು 1 ಸಲ, ಬೆಸ. ಮೇಲಿನ ಹೆಜ್ಜೆಗಳು ಎಷ್ಟೇ ನೇರ್ಪಾಗಿದ್ದರೂ ಹೇಳಿಕೆ ಆಗ ಸುಳ್ಳು. ಮೂರು ಅಕ್ಷರಗಳಾದರೆ ಬಗೆಗಳು 8, ಪ್ರತಿ ಅಕ್ಷರ 4 ಸಲ ನಿಜ, ಸಾಧನೆ ಮತ್ತೆ ಸರಿ. ಅಕ್ಷರಗಳ ಹಂತವನ್ನು ‘ಸುಲಭ’ ಎಂದು ಬರೆದು ಮುಂದೆ ಹೋಗುವ ಅಭ್ಯಾಸ ಇಂಥ ಕಡೆ ಕೈಕೊಡುತ್ತದೆ.

ಆಗದು ಎಂದು ತೋರಿಸುವ ವಿಧಾನವೇ ಆಗುತ್ತದೆ ಎಂದೂ ತೋರಿಸಬಲ್ಲದು. 1913ರಲ್ಲಿ ಅಮೆರಿಕದ ಹೆನ್ರಿ ಶೆಫರ್ ಒಂದೇ ಒಂದು ಚಿಹ್ನೆಯಿಂದ ಉಳಿದವನ್ನೆಲ್ಲ ಕಟ್ಟಬಹುದೆಂದು ತೋರಿಸಿದರು. ‘ಎರಡೂ ಒಟ್ಟಿಗೆ ನಿಜವಲ್ಲ’ ಎಂಬುದಕ್ಕೆ A | B ಎಂದು ಬರೆದರೆ, ¬A ಬದಲಿಗೆ (A | A), (A ∧ B) ಬದಲಿಗೆ ((A | B) | (A | B)) ಎಂದು ಒಳಗಿನಿಂದ ಹೊರಗೆ ಬದಲಿಸುತ್ತ ಬರಬಹುದು. ¬, ∧ ಇರುವ ಯಾವ ಸೂತ್ರವೂ ಉಳಿಯದು ಎಂಬುದಕ್ಕೆ ಸಾಕ್ಷಿ ಮತ್ತೆ ರಚನೆಯ ಮೇಲಿನ ಅನುಗಮನವೇ. (p | q) ನಾಲ್ಕರಲ್ಲಿ 3 ಸಲ ನಿಜ ಎಂಬುದನ್ನೂ ಗಮನಿಸಿ. ಯಾವ ಚಿಹ್ನೆಗಳ ಗುಂಪು ಎಲ್ಲಕ್ಕೂ ಸಾಕು, ಯಾವುದು ಸಾಲದು ಎಂಬ ಪ್ರಶ್ನೆಗೆ ಪೂರ್ತಿ ಉತ್ತರ 1941ರಲ್ಲಿ ಪ್ರಕಟವಾದ ಎಮಿಲ್ ಪೋಸ್ಟ್ ಅವರ ಕೆಲಸದಲ್ಲಿದೆ. ಹೀಗೆ ಭಾಗದಿಂದ ಇಡಿಗೆ ದಾಟುವ ಐದು ಗುಣಗಳಿವೆ. ಆ ಐದರಲ್ಲಿ ಒಂದಾದರೂ ಗುಂಪಿನ ಎಲ್ಲ ಚಿಹ್ನೆಗಳಿಗೂ ಇದ್ದರೆ ಆ ಗುಂಪು ಸಾಲದು, ಒಂದೂ ಹಾಗಿಲ್ಲದಿದ್ದರೆ ಸಾಕು. ¬ ಮತ್ತು ↔ ಸಿಕ್ಕಿಬೀಳುವುದು ಅವುಗಳಲ್ಲಿ ರೇಖೀಯ ಎಂದು ಕರೆಯುವ ಗುಣದಲ್ಲಿ.