ನಡುವಿನ ಅಂಚೆಯಣ್ಣ ಊರು ಬಿಟ್ಟ ಮೇಲೆ

ಹಾಸನದಲ್ಲಿ ನನಗೆ ಹತ್ತಿರದ ಒಂದು ಸಂಸಾರವಿದೆ. ಗಂಡ ಕೆಇಬಿ ನೌಕರ. ಆ ಇಲಾಖೆಯ ಹೆಸರು ಬದಲಾಗಿ ಎಷ್ಟೋ ಕಾಲವಾದರೂ ಊರಿನ ಬಾಯಲ್ಲಿ ಅದಿನ್ನೂ ಕೆಇಬಿಯೇ. ನಿವೃತ್ತಿಗೆ ಎರಡು ವರ್ಷ ಬಾಕಿ. ಹೆಂಡತಿ ಮನೆ ನೋಡಿಕೊಂಡವರು. ಮಗಳು ಮದುವೆಯಾಗಿ ಪುಣೆ ಸೇರಿದ್ದಳು. ಮಗ ಎಂ.ಎಸ್. ಓದಲು ಜರ್ಮನಿಗೆ ಹೊರಟಾಗ ಮನೆಯಲ್ಲಿ ಉಳಿದವರು ಇವರಿಬ್ಬರೇ.

ಅತ್ತದ್ದೆಲ್ಲ ಮೊದಲ ವಾರದಲ್ಲೇ ಮುಗಿಯಿತು. ಆಮೇಲೆ ಶುರುವಾದದ್ದು ಯಾರೂ ಎಣಿಸದ ತಾಪತ್ರಯ. ಅನ್ನ ಎರಡು ಪಾವು ಇಟ್ಟೇ ಅಭ್ಯಾಸ, ಅರ್ಧ ಮಿಕ್ಕುತ್ತಿತ್ತು. ಮಿಕ್ಕದ್ದು ಬೆಳಿಗ್ಗೆ ಚಿತ್ರಾನ್ನವಾಗಿ ತಟ್ಟೆಗೆ ಬರುತ್ತಿತ್ತು, ಆತ ಮುಖ ಸಿಂಡರಿಸುತ್ತಿದ್ದರು. ದೋಸೆ ಹಿಟ್ಟು ಮೂರನೆಯ ದಿನಕ್ಕೆ ಹುಳಿ ಬರುತ್ತಿತ್ತು. ಕಡೆಗೆ ಆಕೆ, ‘ಇಬ್ಬರಿಗೆ ಏನು ಮಾಡೋದು ಬಿಡಿ’ ಎಂದು ಒಂದು ಹೊತ್ತಿನ ಸಾರನ್ನೇ ಎರಡು ದಿನ ಕುದಿಸತೊಡಗಿದರು. ಪಲ್ಯ, ಕೋಸಂಬರಿ ನಿಂತೇಹೋದವು. ಸಂಜೆ ಆತ ಟೀವಿ ಮುಂದೆ, ಆಕೆ ಒಳಗೆ ಮೊಬೈಲ್ ಹಿಡಿದು. ಒಂದೇ ಸೂರಿನಡಿ ಎರಡು ಸಂಸಾರ.

ವಿಷಯ ಹೊರಬಿದ್ದದ್ದು ಮಗನ ಫೋನಿನಲ್ಲಿ. ಅಮ್ಮ, ‘ನಿಮ್ಮಪ್ಪಂಗೆ ಹೇಳೋ, ಬಿಪಿ ಮಾತ್ರೆ ಮುಗಿದು ಮೂರು ದಿನ ಆಯ್ತು’ ಎನ್ನುತ್ತಿದ್ದರು. ಅಪ್ಪ, ‘ನಿಮ್ಮಮ್ಮಂಗೆ ಹೇಳು, ಭಾನುವಾರದ ಮದುವೆಗೆ ನಾನು ಬರಲ್ಲ’ ಎನ್ನುತ್ತಿದ್ದರು. ಇಬ್ಬರೂ ಕೂತದ್ದು ಹತ್ತಡಿ ಅಂತರದಲ್ಲಿ. ಹುಡುಗ ರೇಗಿದ: ‘ನೀವಿಬ್ಬರೂ ನೇರವಾಗಿ ಮಾತಾಡಿಕೊಳ್ಳಲ್ವಾ?’

ಆಡುತ್ತಿರಲಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ಅವರ ಮಾತೆಲ್ಲ ಸ್ಕೂಲ್ ಫೀಸು, ಟ್ಯೂಷನ್, ಸಿಇಟಿ ರ‍್ಯಾಂಕ್, ಮಗಳ ಮದುವೆಯ ಛತ್ರ ಇವುಗಳ ಸುತ್ತಲೇ ಸುತ್ತಿತ್ತು. ಗಂಡ ಹೆಂಡಿರ ನಡುವಿನ ಮುನಿಸು, ಬೇಡಿಕೆ ಎಲ್ಲವನ್ನೂ ಅತ್ತಿಂದಿತ್ತ ಮುಟ್ಟಿಸುವ ಅಂಚೆಯಣ್ಣನ ಕೆಲಸ ಮಕ್ಕಳದಾಗಿತ್ತು. ಇಬ್ಬರ ನಡುವಿನ ಬಿಗಿಯನ್ನು ಹೀಗೆ ಮೂರನೆಯವರ ಮೇಲೆ ಹಾಕುವುದನ್ನು ಅಮೆರಿಕದ ಮನೋವೈದ್ಯ ಮರ‍್ರೇ ಬೋವೆನ್ ಕುಟುಂಬದ ತ್ರಿಕೋನ ಎಂದು ಗುರುತಿಸಿದ್ದರು. ಮಕ್ಕಳು ಹೊರಟ ಮೇಲೆ ತ್ರಿಕೋನದ ಒಂದು ಮೂಲೆ ಕಳಚುತ್ತದೆ. ಮಕ್ಕಳಿಲ್ಲದ ಮನೆ ಭಣಗುಟ್ಟುತ್ತದೆ ಎಂದು ನಾವು ಹೇಳುವುದರಲ್ಲಿ ಮಕ್ಕಳ ನೆನಪು ಎಷ್ಟೋ, ಗಂಡ ಹೆಂಡಿರ ನಡುವೆ ಮಾತು ಖಾಲಿಯಾದದ್ದೂ ಅಷ್ಟೇ ಎಂದು ನನ್ನ ಅನಿಸಿಕೆ.

ಇದಕ್ಕೆ ಎಂಪ್ಟಿ ನೆಸ್ಟ್ ಸಿಂಡ್ರೋಮ್ ಎಂಬ ಹೆಸರು ಬಳಕೆಯಲ್ಲಿದೆ. ಸಿಂಡ್ರೋಮ್ ಎಂದೊಡನೆ ಕಾಯಿಲೆಯೇನೋ ಅನ್ನಿಸುತ್ತದೆ. ಆದರೆ ಅಮೆರಿಕದ ಮನೋವೈದ್ಯರ ಡಿಎಸ್‌ಎಂ ಪಟ್ಟಿಯಲ್ಲಾಗಲಿ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ ಪಟ್ಟಿಯಲ್ಲಾಗಲಿ ಹೀಗೊಂದು ಕಾಯಿಲೆಯೇ ಇಲ್ಲ. ಬದಲಿಗೆ, ಸಂಶೋಧನೆ ಬೇರೆಯದೇ ಕಥೆ ಹೇಳುತ್ತದೆ. ಕ್ಯಾಲಿಫೋರ್ನಿಯಾದ ಮಿಲ್ಸ್ ಕಾಲೇಜಿನಲ್ಲಿ ಓದಿದ್ದ ಹೆಣ್ಣುಮಕ್ಕಳ ಬದುಕನ್ನು ಮನೋವಿಜ್ಞಾನಿಗಳು ದಶಕಗಳ ಕಾಲ ಹಿಂಬಾಲಿಸಿದರು. ಅವರ ನಲವತ್ತರಿಂದ ಅರವತ್ತರ ಆಚೀಚಿನ 18 ವರ್ಷಗಳ ವಿವರ 2008ರಲ್ಲಿ ಪ್ರಕಟವಾಯಿತು. ಮಕ್ಕಳು ಮನೆ ಬಿಟ್ಟ ಮೇಲೆ ದಾಂಪತ್ಯದ ಬಗ್ಗೆ ಅವರ ತೃಪ್ತಿ ಹೆಚ್ಚಿತ್ತು. ಗಂಡನ ಜೊತೆ ಕಳೆಯುವ ಹೊತ್ತು ಜಾಸ್ತಿಯಾದದ್ದು ಇದಕ್ಕೆ ಕಾರಣವಲ್ಲ, ಕಳೆದ ಹೊತ್ತು ಹಿತವಾಗಿದ್ದದ್ದು ಕಾರಣ. ಅವರು ಓದಿದ, ಅನುಕೂಲಸ್ಥ ಅಮೆರಿಕನ್ನರು. ಬ್ಯಾಂಕಿನ ಎಜುಕೇಷನ್ ಲೋನಿಗೆ ಮನೆ ಅಡವಿಟ್ಟು ಮಗನನ್ನು ಕಳಿಸಿದವರಿಗೆ ಅದು ಹಾಗ್ಹಾಗೇ ಹೊಂದುವುದಿಲ್ಲ. ಆದರೂ ಟೀವಿ ಎದುರು ನಾಲ್ಕು ತಾಸು ಜೊತೆಗೆ ಕೂತದ್ದು ಲೆಕ್ಕಕ್ಕಿಲ್ಲ ಎಂಬ ಮಾತು ಇಲ್ಲಿಗೂ ಒಪ್ಪುತ್ತದೆ.

ಹಾಸನದ ಮನೆಯಲ್ಲಿ ರಿಪೇರಿ ಅಡುಗೆಮನೆಯಿಂದ ಶುರುವಾಯಿತು. ಮಗಳು ಹಬ್ಬಕ್ಕೆ ಬಂದವಳು ದೊಡ್ಡ ಕುಕ್ಕರನ್ನು ಅಟ್ಟಕ್ಕೆ ಹಾಕಿ, ಎರಡು ಲೀಟರಿನ ಪುಟ್ಟ ಕುಕ್ಕರ್ ಕೊಡಿಸಿದಳು. ಅಕ್ಕಿ ಒಂದು ಪಾವಿಗಿಳಿಯಿತು, ಹಾಲು ಅರ್ಧ ಲೀಟರಿಗೆ. ಬೆಳಗಿನ ತಿಂಡಿ ಅಪ್ಪನದು ಎಂದೂ ಅವಳೇ ಗೊತ್ತು ಮಾಡಿದಳು. ಮೊದಮೊದಲು ಉಪ್ಪಿಟ್ಟು ಮುದ್ದೆಯಾಯಿತು. ರವೆ ಹುರಿಯುವುದನ್ನು ಪಕ್ಕ ನಿಂತು ಹೇಳಿಕೊಡುವಾಗ ಆಕೆ ಬಹಳ ದಿನಗಳ ಮೇಲೆ ನಕ್ಕರು. ಸಂಜೆ ಮಹಾರಾಜ ಪಾರ್ಕಿಗೆ ಇಬ್ಬರೂ ನಡೆದು ಹೋಗುವುದು, ಹೋಗುವಾಗ ಮಕ್ಕಳ ಸುದ್ದಿ ಎತ್ತಬಾರದು ಎಂಬುದು ಆಕೆಯದೇ ಷರತ್ತು. ಮೊದಲ ವಾರ ಮಾತಿಗೆ ತಡಕಾಡಿದರಂತೆ. ಆಮೇಲೆ ಹಳೆಯ ಜಗಳಗಳು ಬಂದವು, ಮದುವೆಯಾದ ಹೊಸದರಲ್ಲಿ ಅತ್ತೆ ಆಡಿದ ಮಾತೂ ಬಂತು. ಇದು ಕೆಟ್ಟ ಲಕ್ಷಣವಲ್ಲ. ತಡೆದಿಟ್ಟದ್ದು ಮೊದಲು ಹೊರಗೆ ಬರುವುದು ಸಹಜ. ಆಕೆ ಗುರುವಾರ ಭಜನಾ ಮಂಡಳಿಗೆ ಒಬ್ಬರೇ ಹೋಗುತ್ತಾರೆ. ದಿನವಿಡೀ ಅಂಟಿಕೊಂಡಿದ್ದರೆ ಸಂಜೆ ಹೇಳಿಕೊಳ್ಳಲು ಏನೂ ಇರುವುದಿಲ್ಲ.

ಫೋನಿಗೂ ಒಂದು ಕಟ್ಟುಪಾಡು ಬೇಕಾಯಿತು. ದಿನಕ್ಕೆ ಐದಾರು ಬಾರಿ ‘ಊಟ ಆಯ್ತಾ’ ಎಂಬ ವಾಟ್ಸ್ಯಾಪ್ ಹೋಗುತ್ತಿತ್ತು, ಉತ್ತರ ಬಾರದಿದ್ದರೆ ಇಲ್ಲಿ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ. ರಾತ್ರಿ ಒಂಬತ್ತಕ್ಕೆ ಒಂದು ಕರೆ ಎಂದು ಮಗ ನಿಗದಿ ಮಾಡಿದ. ಚೆನ್ನಾಗಿಯೇ ನಡೆದಿತ್ತು. ಅಕ್ಟೋಬರ್ ಕೊನೆಯ ಭಾನುವಾರ ಒಂಬತ್ತಾದರೂ ಫೋನಿಲ್ಲ, ಒಂಬತ್ತೂವರೆಗೂ ಇಲ್ಲ. ಆಕೆ ದೇವರ ಮುಂದೆ ದೀಪ ಹಚ್ಚಿ ಕೂತುಬಿಟ್ಟರು. ಹತ್ತಕ್ಕೆ ಕರೆ ಬಂತು. ಯುರೋಪಿನಲ್ಲಿ ಅಂದು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಜರ್ಮನಿಗೂ ನಮಗೂ ಮೂರೂವರೆ ಗಂಟೆಯಿದ್ದ ಅಂತರ ನಾಲ್ಕೂವರೆ ಆಗಿತ್ತು. ಹುಡುಗ ಎಂದಿನಂತೆ ತನ್ನ ಐದೂವರೆಗೇ ಮಾಡಿದ್ದ. ಹೊರದೇಶದಲ್ಲಿ ಮಕ್ಕಳಿರುವವರು ಮಾರ್ಚ್ ಕೊನೆಯ ಭಾನುವಾರವನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಲಿ. ಅಂದು ಗಡಿಯಾರ ಮತ್ತೆ ಮುಂದಕ್ಕೆ ಹೋಗುತ್ತದೆ.

ಎಲ್ಲವೂ ಹೀಗೆ ಹೊಂದಿಕೊಂಡು ಹೋಗುವುದಿಲ್ಲ. ಮಗನ ರೂಮಿನ ಮುಂದೆ ಹಾದಾಗ ಕಣ್ಣು ತುಂಬಿ, ನೆಂಟರು ಬಂದಾಗ ಮರೆತು ನಗುವುದು ದುಃಖ. ಅದು ಅಲೆಯಂತೆ ಬಂದು ಹೋಗುತ್ತದೆ. ಎರಡು ವಾರಕ್ಕೂ ಮೇಲ್ಪಟ್ಟು, ಹೆಚ್ಚುಕಡಿಮೆ ಪ್ರತಿದಿನ, ಯಾವುದರಲ್ಲೂ ಮನಸ್ಸಿಲ್ಲದೆ, ಬೆಳಗಿನ ಜಾವವೇ ಎಚ್ಚರವಾಗಿ, ಊಟ ಸೇರದೆ, ‘ನಾನಿದ್ದು ಏನು ಪ್ರಯೋಜನ’ ಎಂಬ ಮಾತು ಬಾಯಿಗೆ ಬಂದರೆ ಅದು ಖಿನ್ನತೆಯಿರಬಹುದು, ಡಾಕ್ಟರಿಗೆ ತೋರಿಸಬೇಕು. ಹೆಂಗಸರಲ್ಲಿ ಮುಟ್ಟು ನಿಲ್ಲುವ ವಯಸ್ಸೂ ಇದೇ ಆದ್ದರಿಂದ ನಿದ್ದೆಗೇಡು, ಸಿಡುಕನ್ನೆಲ್ಲ ಮಕ್ಕಳ ನೆನಪಿಗೇ ಕಟ್ಟಿಬಿಡುವುದುಂಟು. ಥೈರಾಯ್ಡ್ ಕಡಿಮೆಯಾದಾಗಲೂ ಮಂಕು, ಸುಸ್ತು ಕಾಣುತ್ತದೆ. ಒಂದು ರಕ್ತಪರೀಕ್ಷೆಯಲ್ಲಿ ಅದು ಗೊತ್ತಾಗುತ್ತದೆ. ಆಸ್ಪತ್ರೆಗೆ ಹೋಗಲು ಹಿಂಜರಿಯುವವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಇನ್ನು ಕೆಲವು ಮನೆಗಳಲ್ಲಿ ಮಕ್ಕಳ ಮುಖ ನೋಡಿಕೊಂಡೇ ಸಂಸಾರ ನಿಂತಿರುತ್ತದೆ. ಅಮೆರಿಕದಲ್ಲಿ ಐವತ್ತು ದಾಟಿದವರ ವಿಚ್ಛೇದನದ ಪ್ರಮಾಣ 1990ರಿಂದ 2010ರೊಳಗೆ ಇಮ್ಮಡಿಯಾಯಿತು. ಮಕ್ಕಳು ಮನೆ ಬಿಟ್ಟದ್ದೇ ಅದಕ್ಕೆ ಕಾರಣವೆನ್ನುವಂತಿಲ್ಲ. ನಮ್ಮಲ್ಲಿ ಕೋರ್ಟಿಗೆ ಹೋಗುವವರು ಕಡಿಮೆ, ಒಬ್ಬರು ಮಗಳ ಮನೆ ಇನ್ನೊಬ್ಬರು ಮಗನ ಮನೆ ಎಂದು ಹಂಚಿಹೋಗುವವರೇ ಹೆಚ್ಚು. ಹೊಡೆತ ಬಡಿತವಿದ್ದ ಮನೆಯಲ್ಲಿ ಸಂಜೆಯ ವಾಕಿಂಗ್ ಏನನ್ನೂ ಸರಿ ಮಾಡುವುದಿಲ್ಲ.

ಹಾಸನದವರಿಗೆ ಈಗ ಬೇರೆ ಲೆಕ್ಕಾಚಾರ. ಮಗಳು ಗಂಡನ ಕೆಲಸದ ಮೇಲೆ ಅಮೆರಿಕಕ್ಕೆ ಹೋಗಿದ್ದಾಳೆ, ಈಗ ಐದು ತಿಂಗಳು. ಬಾಣಂತನಕ್ಕೆ ಅಮ್ಮ ಹೋಗಬೇಕು. ವಿಸಿಟರ್ ವೀಸಾದಲ್ಲಿ ಹೋದವರಿಗೆ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಲು ಬಿಡುತ್ತಾರೆ. ಅಪ್ಪನಿಗೆ ಅಷ್ಟು ರಜೆ ಸಿಗುವುದಿಲ್ಲ. ಇಬ್ಬರೂ ಸೇರಿ ಕೂತು ಪಟ್ಟಿ ಮಾಡಿದ್ದಾರೆ: ಮಾತ್ರೆಗಳ ಡಬ್ಬಿ ವಾರಕ್ಕೊಮ್ಮೆ ತುಂಬಿಸುವುದು, ಮಧ್ಯಾಹ್ನ ಮೆಸ್ಸು, ರಾತ್ರಿಗೆ ಆತನೇ ಬೇಯಿಸಿಕೊಳ್ಳುವುದು. ಉಪ್ಪಿಟ್ಟು, ಅವಲಕ್ಕಿ ಕೈಗೆ ಹತ್ತಿವೆ. ಸಾರಿನ ಪುಡಿಯನ್ನು ಆರು ತಿಂಗಳಿಗಾಗುವಷ್ಟು ಕುಟ್ಟಿಸಿ ಇಟ್ಟು ಹೋಗುತ್ತೇನೆಂದು ಆಕೆ, ಅಷ್ಟು ದಿನಕ್ಕೆ ಘಮ ಹೋಗುತ್ತದೆ, ಹುರಿಯುವುದನ್ನೂ ಕಲಿಸಿಬಿಡು ಎಂದು ಆತ, ಇನ್ನೂ ಚರ್ಚೆ ನಡೆಸಿದ್ದಾರೆ.