ಕಂಪನಿಯ ಮುಸುಕು: ಸರಿಸುವುದೆಂದು, ಸರಿಸದಿರುವುದೆಂದು

ಹಕ್ಕುಗಳನ್ನು ಹೊಂದಬಲ್ಲ, ಸಾಲಕ್ಕೆ ಹೊಣೆಯಾಗಬಲ್ಲ, ನ್ಯಾಯಾಲಯದಲ್ಲಿ ದಾವೆ ಹೂಡಬಲ್ಲ ಯಾವುದೇ ಘಟಕವನ್ನು ಕಾನೂನು ‘ವ್ಯಕ್ತಿ’ ಎಂದು ಕರೆಯುತ್ತದೆ. ದೇವಸ್ಥಾನದ ಜಮೀನು ದೇವರ ಹೆಸರಿನಲ್ಲಿಯೇ ಇರುವುದನ್ನು ಕಂಡ ಕನ್ನಡ ಓದುಗರಿಗೆ ಈ ಕಲ್ಪನೆ ಹೊಸದೇನಲ್ಲ. ಭಾರತದಲ್ಲಿ 2013ರ ಕಂಪನಿಗಳ ಅಧಿನಿಯಮದ 9ನೆಯ ಪ್ರಕರಣದ ಪ್ರಕಾರ, ನೋಂದಣಿಯಾದ ದಿನದಿಂದ ಕಂಪನಿಯು ತನ್ನ ಷೇರುದಾರರಿಂದ ಬೇರೆಯಾದ ಇಂಥ ಒಬ್ಬ ವ್ಯಕ್ತಿಯಾಗುತ್ತದೆ. ಷೇರುದಾರರನ್ನು ಮರೆಯಲ್ಲಿಡುವ ಈ ಪ್ರತ್ಯೇಕ ವ್ಯಕ್ತಿತ್ವಕ್ಕೆ ‘ಮುಸುಕು’ ಎಂದೂ, ಅಪರೂಪಕ್ಕೆ ಅದನ್ನು ಬದಿಗಿಟ್ಟು ಹಿಂದಿರುವವರನ್ನೇ ನೇರವಾಗಿ ಹೊಣೆಗಾರರನ್ನಾಗಿಸುವುದಕ್ಕೆ ‘ಮುಸುಕು ಸರಿಸುವುದು’ ಎಂದೂ ಹೆಸರು. ವಿವರಣೆ ಇಲ್ಲಿಯವರೆಗೆ ಸುಲಭ. ಒಬ್ಬನೇ ಮನುಷ್ಯ ಕಂಪನಿಯ ಎಲ್ಲವೂ ಆಗಿದ್ದರೆ ಮುಸುಕು ತಾನಾಗಿಯೇ ಸರಿಯುತ್ತದೆ ಎಂದು ಹೆಚ್ಚಿನವರು ಭಾವಿಸುತ್ತಾರೆ. ತಪ್ಪು ತಿಳಿವಳಿಕೆ ಹುಟ್ಟುವುದೇ ಇಲ್ಲಿ.

ಈ ಭಾವನೆಗೆ 1896ರಲ್ಲಿಯೇ ಉತ್ತರ ದೊರೆತಿದೆ. ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ಬೂಟು ತಯಾರಿಸುತ್ತಿದ್ದ ಆರನ್ ಸಾಲೊಮನ್ ಎಂಬ ವ್ಯಾಪಾರಿ 1892ರಲ್ಲಿ ತನ್ನ ಉದ್ಯಮವನ್ನು ಒಂದು ಕಂಪನಿಗೆ ಸುಮಾರು 39,000 ಪೌಂಡುಗಳಿಗೆ ಮಾರಿದನು. ಅಂದಿನ ಕಾನೂನು ಕನಿಷ್ಠ ಏಳು ಸದಸ್ಯರನ್ನು ಕೇಳುತ್ತಿದ್ದುದರಿಂದ ಹೆಂಡತಿ, ಒಬ್ಬ ಮಗಳು ಮತ್ತು ನಾಲ್ವರು ಗಂಡುಮಕ್ಕಳಿಗೆ ಒಂದೊಂದು ಷೇರು ಕೊಟ್ಟು, ಉಳಿದ 20,001 ಷೇರುಗಳನ್ನು ತಾನೇ ಇಟ್ಟುಕೊಂಡನು. ಬೆಲೆಯ ಇನ್ನೊಂದು ಭಾಗವಾಗಿ 10,000 ಪೌಂಡುಗಳ ಸಾಲಪತ್ರಗಳನ್ನು, ಅಂದರೆ ಕಂಪನಿಯ ಆಸ್ತಿಯನ್ನೇ ಭದ್ರತೆಯಾಗಿಟ್ಟು ಬರೆದುಕೊಟ್ಟ ಡಿಬೆಂಚರುಗಳನ್ನು, ಪಡೆದನು. ವ್ಯಾಪಾರ ಕುಸಿದಾಗ ಅವನು ಆ ಸಾಲಪತ್ರಗಳ ಆಧಾರದ ಮೇಲೆ ಬ್ರಾಡ್ರಿಪ್ ಎಂಬವನಿಂದ 5,000 ಪೌಂಡು ತಂದು ಕಂಪನಿಗೇ ಒದಗಿಸಿದರೂ ಅದು ಉಳಿಯದೆ 1893ರಲ್ಲಿ ಸಮಾಪನಕ್ಕೆ ಹೋಯಿತು. ಬ್ರಾಡ್ರಿಪ್‌ನ ಹಣ ತೀರಿದ ಮೇಲೆ ಉಳಿದದ್ದು ಸುಮಾರು 1,055 ಪೌಂಡು. ಭದ್ರತೆಯಿಲ್ಲದೆ ಸಾಲ ಕೊಟ್ಟವರಿಗೆ ಬರಬೇಕಾಗಿದ್ದುದು ಏಳು ಸಾವಿರಕ್ಕೂ ಹೆಚ್ಚು. ಆ 1,055 ಪೌಂಡುಗಳೂ ಭದ್ರತೆ ಹೊಂದಿದ ಸಾಲಿಗನಾದ ತನಗೇ ಸಲ್ಲಬೇಕೆಂದು ಸಾಲೊಮನ್ ವಾದಿಸಿದನು.

ಕೆಳಗಿನ ಎರಡು ನ್ಯಾಯಾಲಯಗಳು ಕೆರಳಿದ್ದು ಸಹಜ. ಒಂದು ನ್ಯಾಯಾಲಯವು ಕಂಪನಿ ಸಾಲೊಮನ್‌ನ ಏಜೆಂಟ್ ಮಾತ್ರ ಎಂದಿತು. ಮೇಲ್ಮನವಿ ನ್ಯಾಯಾಲಯವು ಅದನ್ನು ಅವನ ಪರವಾಗಿ ವ್ಯವಹರಿಸುವ ಧರ್ಮದರ್ಶಿ, ಅಂದರೆ ಟ್ರಸ್ಟಿ, ಎಂದಿತು. ಹೌಸ್ ಆಫ್ ಲಾರ್ಡ್ಸ್ ಸರ್ವಾನುಮತದಿಂದ ಎರಡನ್ನೂ ತಳ್ಳಿಹಾಕಿತು. ಕಂಪನಿ ನಿಜವಾಗಿ ಇದೆಯೆಂದಾದರೆ ವ್ಯಾಪಾರವೂ ಸಾಲವೂ ಅದರದೇ, ಸಾಲೊಮನ್‌ನದಲ್ಲ; ಕಂಪನಿಯೇ ಇಲ್ಲವೆಂದಾದರೆ ಏಜೆಂಟ್ ಆಗುವುದಕ್ಕಾಗಲಿ ಟ್ರಸ್ಟಿ ಆಗುವುದಕ್ಕಾಗಲಿ ಅಲ್ಲಿ ಯಾರೂ ಇಲ್ಲ. ಈ ಸರಳ ತರ್ಕದ ಸೊಗಸನ್ನು ಒಮ್ಮೆ ಕಂಡವರು ಕಂಪನಿ ಕಾನೂನನ್ನು ಮತ್ತೆ ಒಣ ವಿಷಯ ಎನ್ನಲಾರರು. ಏಳು ಜನ ಬೇಕೆಂದ ಶಾಸನವು ಅವರಲ್ಲಿ ಯಾರ ಪಾಲು ಎಷ್ಟಿರಬೇಕು, ಅವರು ಪರಸ್ಪರ ಸ್ವತಂತ್ರರಾಗಿರಬೇಕೆ ಎಂದು ಹೇಳಿರಲಿಲ್ಲವಾದ್ದರಿಂದ, ಅದನ್ನು ನ್ಯಾಯಾಧೀಶರು ಸೇರಿಸುವಂತಿಲ್ಲ ಎಂದು ಲಾರ್ಡ್ ಹಾಲ್ಸ್‌ಬರಿ ಕಂಡರು. ಸಾಲಪತ್ರದಾರರು ಹೀಗೆ ಎಲ್ಲವನ್ನೂ ಬಾಚಿಕೊಂಡು ಹೋಗುವುದನ್ನು ಲಾರ್ಡ್ ಮ್ಯಾಕ್‌ನಾಟನ್ ಹಗರಣವೆಂದೇ ಟೀಕಿಸಿದರೂ ತೀರ್ಪನ್ನು ಮಾತ್ರ ಸಾಲೊಮನ್ ಪರವಾಗಿಯೇ ಕೊಟ್ಟರು.

ಈ ಪ್ರತ್ಯೇಕತೆ ಷೇರುದಾರನಿಗೆ ಮಾತ್ರ ಅನುಕೂಲವೆಂದು ತಿಳಿಯುವುದೂ ಅರ್ಧ ಸತ್ಯ. ಷೇರುದಾರನ ಸ್ವಂತ ಸಾಲಿಗರು ಅವನ ಷೇರುಗಳನ್ನು ಜಪ್ತಿ ಮಾಡಬಹುದೇ ಹೊರತು ಕಂಪನಿಯ ಗೋದಾಮಿಗೆ ಕೈಹಾಕಲಾರರು. ಆದ್ದರಿಂದಲೇ ಕಂಪನಿಗೆ ಸರಕು ಕೊಡುವವನು ಅದರ ಪ್ರತಿಯೊಬ್ಬ ಸದಸ್ಯನ ಮನೆಯ ಸಾಲಸೋಲವನ್ನು ವಿಚಾರಿಸುತ್ತ ಕೂರಬೇಕಾಗಿಲ್ಲ. ಗೋಡೆ ಎರಡೂ ಕಡೆಯಿಂದ ಗೋಡೆಯೇ, ಮತ್ತು ಅದು ಮಾಲೀಕನ ತಲೆಗೂ ತಾಗುತ್ತದೆ. ಐರ್ಲೆಂಡಿನ ಮಕಾರಾ ಎಂಬ ಜಮೀನುದಾರನು ತನ್ನ ಮರದ ದಿಮ್ಮಿಗಳನ್ನು ತನ್ನದೇ ಕಂಪನಿಗೆ ಮಾರಿ, ವಿಮೆಯನ್ನು ಮಾತ್ರ ತನ್ನ ಹೆಸರಿನಲ್ಲಿಯೇ ಮಾಡಿಸಿದ್ದನು. ದಿಮ್ಮಿಗಳು ಸುಟ್ಟುಹೋದಾಗ, ಅವು ಕಂಪನಿಯ ಸ್ವತ್ತೇ ಹೊರತು ಅವನದಲ್ಲವೆಂದು 1925ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅವನಿಗೆ ಪರಿಹಾರ ನಿರಾಕರಿಸಿತು.

ಹಾಗಾದರೆ ಮುಸುಕು ಸರಿಯುವುದು ಎಲ್ಲಿ? ಗುಜರಾತಿನ ಭಾವನಗರದ ಅಸೋಸಿಯೇಟೆಡ್ ರಬ್ಬರ್ ಇಂಡಸ್ಟ್ರಿ ಪ್ರಕರಣ ಇದಕ್ಕೆ ಸ್ಪಷ್ಟ ಮಾದರಿ. 1965ರ ಬೋನಸ್ ಪಾವತಿ ಅಧಿನಿಯಮದಡಿ ಕಾರ್ಮಿಕರ ಬೋನಸ್ಸನ್ನು ಕಂಪನಿಯ ಒಟ್ಟು ಲಾಭದಿಂದ ಲೆಕ್ಕ ಹಾಕಲಾಗುತ್ತಿತ್ತು. ಈ ಕಂಪನಿಯ ಲಾಭದಲ್ಲಿ ಇನಾರ್ಕೊ ಎಂಬ ಮತ್ತೊಂದು ಕಂಪನಿಯ ಷೇರುಗಳಿಂದ ಬರುವ ಲಾಭಾಂಶವೂ ಸೇರುತ್ತಿತ್ತು. ರಬ್ಬರ್ ಕಂಪನಿಯು ತನ್ನದೇ ಪೂರ್ಣ ಮಾಲೀಕತ್ವದ ಒಂದು ಅಂಗಸಂಸ್ಥೆಯನ್ನು ಹುಟ್ಟುಹಾಕಿ ಆ ಷೇರುಗಳನ್ನು ಅದಕ್ಕೆ ವರ್ಗಾಯಿಸಿತು. ಲಾಭಾಂಶ ಅಂಗಸಂಸ್ಥೆಯ ಲೆಕ್ಕಕ್ಕೆ ಹೋಯಿತು, ಶೇಕಡಾ 16ರಷ್ಟಿದ್ದ ಬೋನಸ್ ಶೇಕಡಾ 4ಕ್ಕೆ ಇಳಿಯಿತು. ಅಂಗಸಂಸ್ಥೆಗೆ ಆ ಷೇರುಗಳಲ್ಲದೆ ಬೇರೆ ಆಸ್ತಿ ಇರಲಿಲ್ಲ, ಬೇರೆ ವ್ಯಾಪಾರವೂ ಇರಲಿಲ್ಲ. ಬೋನಸ್ ತಗ್ಗಿಸುವುದರ ಹೊರತು ಅದರ ಹುಟ್ಟಿಗೆ ಕಾರಣ ಕಾಣದೆ ಸುಪ್ರೀಂ ಕೋರ್ಟ್ 1985ರಲ್ಲಿ ಆ ಲಾಭಾಂಶವನ್ನು ಮೂಲ ಕಂಪನಿಯ ಲಾಭಕ್ಕೇ ಸೇರಿಸಿ ಬೋನಸ್ ಲೆಕ್ಕ ಹಾಕಬೇಕೆಂದಿತು. ಇಲ್ಲಿ ಗಮನಿಸಬೇಕಾದುದೆಂದರೆ, ನ್ಯಾಯಾಲಯ ಅಂಗಸಂಸ್ಥೆಯನ್ನು ಅಳಿಸಿಹಾಕಲಿಲ್ಲ. ಬೋನಸ್ಸಿನ ಲೆಕ್ಕಕ್ಕೆ ಎಷ್ಟು ಬೇಕೋ ಅಷ್ಟು ಮಾತ್ರ ಮುಸುಕನ್ನು ಎತ್ತಿತು.

ಎರಡು ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ಕೇಳಬೇಕಾದ ಪ್ರಶ್ನೆ ಕಂಪನಿ ಯಾರದು ಎಂಬುದಲ್ಲ, ಬಾಧ್ಯತೆ ಮೊದಲು ಯಾರ ಮೇಲಿತ್ತು ಎಂಬುದು ಎಂದು ತಿಳಿಯುತ್ತದೆ. ಸಾಲೊಮನ್‌ನ ಕಂಪನಿಗೆ ಸರಕು ಕೊಟ್ಟವರು ಕಂಪನಿಯೊಡನೆಯೇ ವ್ಯವಹರಿಸಿದ್ದರು. ಸಾಲೊಮನ್ ಅವರಿಗೆ ಎಂದೂ ವೈಯಕ್ತಿಕವಾಗಿ ಬಾಕಿಯಿರಲಿಲ್ಲ. ರಬ್ಬರ್ ಕಂಪನಿಯಾದರೋ ತನ್ನ ಮೇಲೆ ಆಗಲೇ ಇದ್ದ ಹೊಣೆಯನ್ನು ಇಳಿಸಿಕೊಳ್ಳಲು ಮತ್ತೊಬ್ಬ ವ್ಯಕ್ತಿಯನ್ನು ನಡುವೆ ತಂದಿತ್ತು. ಬ್ರಿಟನ್ನಿನ ಸುಪ್ರೀಂ ಕೋರ್ಟಿನಲ್ಲಿ ಲಾರ್ಡ್ ಸಂಪ್ಷನ್ 2013ರ ಪ್ರೆಸ್ಟ್ ಪ್ರಕರಣದಲ್ಲಿ ಸೂತ್ರೀಕರಿಸಿದ್ದು ಹೆಚ್ಚುಕಡಿಮೆ ಇದೇ ಭೇದವನ್ನು. ಮುಸುಕು ಸರಿಸಬಹುದಾದ ಸಂದರ್ಭಗಳನ್ನು ಪಟ್ಟಿಮಾಡಿ ಮುಗಿಸಲಾಗದು ಎಂದು ಭಾರತದ ಸುಪ್ರೀಂ ಕೋರ್ಟ್ 1985ರ ಎಸ್ಕಾರ್ಟ್ಸ್ ತೀರ್ಪಿನಲ್ಲಿ ಹೇಳಿದ್ದರಿಂದ ಇಲ್ಲಿನ ನಿಯಮ ಇನ್ನಷ್ಟು ಸಡಿಲವಾಗಿದೆಯಾದರೂ, ಸಾಲ ತೀರಲಿಲ್ಲ ಎಂಬ ಒಂದೇ ಕಾರಣಕ್ಕೆ ಮುಸುಕು ಎಲ್ಲಿಯೂ ಸರಿಯುವುದಿಲ್ಲ. ಬ್ಯಾಂಕು ನಿರ್ದೇಶಕನ ಮನೆಯನ್ನು ಹರಾಜು ಹಾಕಿದರೆ ಸಾಮಾನ್ಯವಾಗಿ ಅದಕ್ಕೆ ಕಾರಣ ಅವನು ಸಹಿ ಹಾಕಿದ ವೈಯಕ್ತಿಕ ಜಾಮೀನು ಅಥವಾ ಅಡಮಾನ ಪತ್ರವೇ ಹೊರತು ಮುಸುಕು ಸರಿಸುವ ಸಿದ್ಧಾಂತವಲ್ಲ.

ಕಂಪನಿಗೆ ಉದ್ದರಿಯಲ್ಲಿ ಸರಕು ಕೊಡುವವರು ಇದರಿಂದ ಕಲಿಯಬೇಕಾದ ಕೆಲಸ ಒಂದಿದೆ. ಕಂಪನಿಯ ಆಸ್ತಿಯ ಮೇಲೆ ಯಾರಿಗೆ ಎಷ್ಟು ಭದ್ರತೆ ಬರೆದುಕೊಡಲಾಗಿದೆ ಎಂಬುದನ್ನು ಇಂದು ಕಂಪನಿ ರಿಜಿಸ್ಟ್ರಾರರ ಬಳಿ ನೋಂದಾಯಿಸಬೇಕು, ಮತ್ತು ಆ ದಾಖಲೆಗಳನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಮೊದಲ ಲಾರಿ ಹೊರಡುವ ಮುನ್ನ ಅದನ್ನು ಓದಿ, ದಾಖಲೆ ನೆಮ್ಮದಿ ತರದಿದ್ದರೆ ನಿರ್ದೇಶಕನ ಸ್ವಂತ ಜಾಮೀನನ್ನು ಬರೆಸಿಕೊಳ್ಳಿ.