ಕಳಿಸಿದ ಸೀರೆಯೇ ವಾಪಸ್ ಬಂತೇ?

ಮದುವೆ ಸೀಸನ್ ಮುಗಿಯುತ್ತಿದ್ದಂತೆ ಆನ್‌ಲೈನ್‌ನಲ್ಲಿ ಸೀರೆ ಮಾರುವವರ ಮನೆಗೆ ರಿಟರ್ನ್ ಪಾರ್ಸೆಲ್‌ಗಳು ಒಂದರ ಹಿಂದೊಂದು ಬರತೊಡಗುತ್ತವೆ. ಬಣ್ಣ ಹಿಡಿಸಲಿಲ್ಲ ಎಂದು ಉಟ್ಟು ನೋಡದೆ ಹಿಂದಿರುಗಿಸಿದವು ಅವುಗಳಲ್ಲಿ ಹೆಚ್ಚು. ಅದು ವ್ಯಾಪಾರದಲ್ಲಿ ಇದ್ದದ್ದೇ. ತಲೆನೋವು ತರುವವು ಎರಡು ಬಗೆಯವು. ಒಂದು, ಸಮಾರಂಭಕ್ಕೆ ಉಟ್ಟು, ಮಡಿಸಿ, ಅದೇ ಕವರಿನಲ್ಲಿ ಕಳಿಸಿದ ಸೀರೆ. ಇನ್ನೊಂದು, ಹೊಸದನ್ನು ಇಟ್ಟುಕೊಂಡು ಅದೇ ಬಣ್ಣದ ಹಳೆಯದನ್ನು ತುಂಬಿದ ಪಾರ್ಸೆಲ್.

ನಷ್ಟದ ಲೆಕ್ಕ ಹೀಗಿದೆ ಎಂದುಕೊಳ್ಳಿ. ₹1,500ಕ್ಕೆ ಕೊಂಡ ಇಳಕಲ್ ಸೀರೆಯನ್ನು ಮಾರಿದರೆ, ಕಮಿಷನ್, ಸಾಗಣೆ ಎಲ್ಲ ಕಳೆದು ಕೈಯಲ್ಲಿ ಉಳಿಯುವುದು ₹250. ಅದು ಬದಲಾಗಿ ಬಂದರೆ ಅಸಲು ₹1,500 ಹೋಯಿತು, ಹೋಗಿ ಬರುವ ಸಾಗಣೆಗೆ ಇನ್ನೂ ₹200 ಸೇರಿತು. ಒಂದು ಸೀರೆಯ ಈ ನಷ್ಟ ತುಂಬಲು ಏಳು ಸೀರೆ ಮಾರಬೇಕು.

ಇಲ್ಲಿ ಮಾರಾಟಗಾರ ಸೋಲುವುದಕ್ಕೆ ಒಂದೇ ಕಾರಣ. ರಿಟರ್ನ್ ತೆಗೆದುಕೊಳ್ಳಲು ಹೋಗುವ ಕೊರಿಯರ್ ಹುಡುಗನಿಗೆ ಸೀರೆಯ ಪರಿಚಯವಿಲ್ಲ. ಬಣ್ಣ ಹೊಂದಿತೇ, ಕವರು ಇದೆಯೇ ಎಂದಷ್ಟೇ ನೋಡಿ ಅವನು ಸ್ಕ್ಯಾನ್ ಮಾಡುತ್ತಾನೆ. ಎಷ್ಟೋ ಸಲ ವಸ್ತು ನಿಮ್ಮ ಕೈಸೇರುವ ಮೊದಲೇ ಗ್ರಾಹಕರಿಗೆ ಹಣ ಮರಳಿರುತ್ತದೆ. ಆಮೇಲೆ ನೀವು ದೂರಿದರೆ, ದೂರು ನೋಡುವವರು ಕೇಳುವುದು ಒಂದೇ ಪ್ರಶ್ನೆ: ಈಗ ಬಂದಿರುವುದು ನೀವು ಕಳಿಸಿದ್ದಲ್ಲ ಎನ್ನುವುದಕ್ಕೆ ಏನು ಸಾಕ್ಷಿ? ಅದಕ್ಕೆ ಉತ್ತರ ಸೀರೆ ಮನೆ ಬಿಡುವ ಮೊದಲೇ ಸಿದ್ಧವಾಗಿರಬೇಕು.

ಕಳಿಸುವಾಗ

ಮೊದಲ ಕೆಲಸ, ಸೀರೆಗೆ ಗುರುತು ಕೊಡುವುದು. ಒಮ್ಮೆ ಸಿಕ್ಕಿಸಿದರೆ ಕತ್ತರಿಸದೆ ಬಿಚ್ಚಲಾಗದ, ನಂಬರ್ ಇರುವ ಪ್ಲಾಸ್ಟಿಕ್ ಟ್ಯಾಗ್‌ಗಳು ಕೆಲವೇ ರೂಪಾಯಿಗೆ ಸಿಗುತ್ತವೆ. ಅದನ್ನು ಮೂಲೆಯಲ್ಲಿ ಅಡಗಿಸಬೇಡಿ, ಉಟ್ಟರೆ ಎದ್ದು ಕಾಣುವ ಸೆರಗಿನ ಅಂಚಿಗೆ ಹಾಕಿ. ಸೀರೆ ಬಿಡಿಸಿ ನೋಡಲು, ಹೆಗಲ ಮೇಲೆ ಹಾಕಿಕೊಳ್ಳಲು ಅದು ಅಡ್ಡಿಯಾಗಬಾರದು. ಆದರೆ ಟ್ಯಾಗ್ ಸಮೇತ ಮದುವೆಗೆ ಹೋಗಲೂ ಆಗಬಾರದು. ಬಟ್ಟೆಗೆ ತೂತು ಬೀಳದಂತೆ ಸೆರಗಿನ ಕುಚ್ಚಿನ ನಡುವೆ ಪೋಣಿಸುವುದು ಒಳ್ಳೆಯದು.

ಇಳಕಲ್ ಸೀರೆಗೆ ಇನ್ನೊಂದು ಗುರುತು ಹುಟ್ಟಿನಿಂದಲೇ ಬಂದಿರುತ್ತದೆ. ಕೈಮಗ್ಗದಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಅದು ಕೈಯಿಂದ ಮಾಡಿದ ಜೋಡಣೆಯಾದ್ದರಿಂದ ಹತ್ತಿರದಿಂದ ನೋಡಿದರೆ ಒಂದು ಸೀರೆಯ ಸಾಲು ಇನ್ನೊಂದರಂತೆ ಇರುವುದಿಲ್ಲ. ಆ ಸಾಲಿನ ಒಂದು ಗೇಣು ಭಾಗವನ್ನು ಹಗಲಿನ ಬೆಳಕಿನಲ್ಲಿ, ಪಕ್ಕಕ್ಕೆ ಸ್ಕೇಲ್ ಇಟ್ಟು ಫೋಟೊ ತೆಗೆದಿಡಿ. ಟ್ಯಾಗನ್ನು ಕಿತ್ತು ಬೇರೆ ಸೀರೆಗೆ ಹಾಕಬಹುದು, ಆದರೆ ಕೊಂಡಿಯ ಸಾಲನ್ನು ಕಿತ್ತು ಹಾಕಲಾಗದು.

ಎರಡನೆಯದು, ಪ್ಯಾಕಿಂಗ್ ವಿಡಿಯೊ. ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಎಲ್ಲೂ ನಿಲ್ಲಿಸದೆ ಒಂದೇ ಓಟದಲ್ಲಿ ತೆಗೆಯಿರಿ. ಮೊದಲು ಆರ್ಡರ್ ನಂಬರ್ ಇರುವ ಲೇಬಲ್ ತೋರಿಸಿ, ಆಮೇಲೆ ಬಿಡಿಸಿದ ಸೀರೆ, ಟ್ಯಾಗ್ ನಂಬರ್, ಕೊಂಡಿ ಸಾಲು. ಬಳಿಕ ತಕ್ಕಡಿಯ ಮೇಲಿಟ್ಟು ತೂಕ. ಕೊನೆಗೆ ಕವರಿಗೆ ಹಾಕಿ, ಅಂಟಿಸಿ, ಲೇಬಲ್ಲಿನ ಬಾರ್‌ಕೋಡ್ ಓದಲು ಬರುವಂತೆ ತೋರಿಸಿ. ನಡುವೆ ಸೀರೆ ಒಂದು ಕ್ಷಣವೂ ಚೌಕಟ್ಟಿನಿಂದ ಆಚೆ ಹೋಗಬಾರದು. ಹೋದರೆ, ಅಲ್ಲಿ ನೀವೇ ಬದಲಿಸಿರಬಹುದು ಎಂಬ ಅನುಮಾನಕ್ಕೆ ಜಾಗ ಬಿಟ್ಟಂತೆ.

ಆ ಫೈಲಿಗೆ ಆರ್ಡರ್ ನಂಬರನ್ನೇ ಹೆಸರಿಟ್ಟು ಮೂಲ ರೂಪದಲ್ಲೇ ಉಳಿಸಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ವಿಡಿಯೊವಾಗಿ ಕಳಿಸಿದರೆ ಫೈಲ್ ಕುಗ್ಗಿ ಬಾರ್‌ಕೋಡ್ ಮಸುಕಾಗುತ್ತದೆ.

ವಾಪಸ್ ಬಂದಾಗ

ರಿಟರ್ನ್ ಪಾರ್ಸೆಲ್ ಹರಿದಿದ್ದರೆ ಅಥವಾ ಅದಕ್ಕೆ ಬೇರೆ ಟೇಪ್ ಸುತ್ತಿದ್ದರೆ, ಸಹಿ ಹಾಕುವ ಮೊದಲೇ ಫೋಟೊ ತೆಗೆದು, ಕೊರಿಯರ್ ಚೀಟಿಯಲ್ಲಿ ಹಾಗೆಂದು ಬರೆಯಿರಿ. ಚೆನ್ನಾಗಿದೆ ಎನಿಸಿದರೂ ವಿಡಿಯೊ ಇಲ್ಲದೆ ಒಡೆಯಬೇಡಿ. ಆರೂ ಬದಿ, ರಿಟರ್ನ್ ಲೇಬಲ್, ತೂಕ ತೋರಿಸಿ, ಅದೇ ವಿಡಿಯೊದಲ್ಲಿ ಕತ್ತರಿ ಹಾಕಿ. ಹತ್ತು ಪಾರ್ಸೆಲ್ ಒಟ್ಟಿಗೆ ಬಂದಾಗ ‘ನಾಳೆ ನೋಡೋಣ’ ಎಂದು ಮೂಲೆಗಿಡುವುದೇ ಅನೇಕರು ಎಡವುವ ಜಾಗ. ದೂರು ಕೊಡಲು ಪ್ರತಿ ತಾಣದಲ್ಲೂ ಇಂತಿಷ್ಟೇ ದಿನ ಎಂಬ ಗಡುವು ಇರುತ್ತದೆ, ಆ ನಿಯಮ ಆಗಾಗ ಬದಲಾಗುತ್ತಲೂ ಇರುತ್ತದೆ.

ಉಟ್ಟ ಸೀರೆ ತಾನೇ ಹೇಳುತ್ತದೆ, ಎಲ್ಲಿ ನೋಡಬೇಕೆಂದು ಗೊತ್ತಿರಬೇಕು ಅಷ್ಟೆ. ನೆಲಕ್ಕೆ ತಾಗುವ ಕೆಳ ಅಂಚಿನಲ್ಲಿ ಮಣ್ಣಿನ ಗೆರೆ ಇರುತ್ತದೆ. ಹೆಗಲ ಭಾಗದಲ್ಲಿ ಪಿನ್ನು ಚುಚ್ಚಿದ ಸಣ್ಣ ತೂತುಗಳಿರುತ್ತವೆ, ಬೆಳಕಿಗೆ ಹಿಡಿದರೆ ಕಾಣುತ್ತವೆ. ಸೊಂಟಕ್ಕೆ ಸಿಕ್ಕಿಸಿದ ನೆರಿಗೆಯ ಸುಕ್ಕು ಇಸ್ತ್ರಿ ಮಾಡಿದರೂ ಪೂರ್ತಿ ಹೋಗಿರುವುದಿಲ್ಲ. ಬ್ಲೌಸ್ ಪೀಸ್ ಸೇರಿ ಬರುವ ಸೀರೆಯಾದರೆ ಉದ್ದ ಅಳೆಯಿರಿ. ಫಾಲ್ ಹಚ್ಚಿ ಬಿಚ್ಚಿದ್ದರೆ ಸೂಜಿಯ ಸಾಲು ಉಳಿದಿರುತ್ತದೆ.

ದೂರಿನಲ್ಲಿ ಸಿಟ್ಟಿಗೆ ಜಾಗ ಕೊಡಬೇಡಿ. ಹೀಗೆ ಬರೆದರೆ ಸಾಕು: ‘ಕಳಿಸಿದ ಸೀರೆಯ ಟ್ಯಾಗ್ 4417, ತೂಕ 480 ಗ್ರಾಂ. ಬಂದದ್ದರಲ್ಲಿ ಟ್ಯಾಗ್ ಇಲ್ಲ, ತೂಕ 395 ಗ್ರಾಂ. ಕೊಂಡಿ ಸಾಲು ಹೊಂದುತ್ತಿಲ್ಲ, ಎರಡೂ ಫೋಟೊ ಅಕ್ಕಪಕ್ಕ ಇಟ್ಟಿದ್ದೇನೆ. ಎರಡು ವಿಡಿಯೊ ಲಗತ್ತಿಸಿದೆ.’ ‘ಗ್ರಾಹಕರು ಮೋಸ ಮಾಡಿದ್ದಾರೆ’ ಎಂದು ಬರೆಯಬೇಡಿ. ಅದಲುಬದಲು ದಾರಿಯಲ್ಲೋ ಗೋದಾಮಿನಲ್ಲೋ ಆಗಿರಲೂಬಹುದು. ನೀವು ಸಾಬೀತು ಮಾಡಬೇಕಾದದ್ದು ವಸ್ತು ಬೇರೆಯದು ಎಂಬುದನ್ನು ಮಾತ್ರ. ಅಮೆಜಾನ್‌ನಲ್ಲಿ ಇಂಥ ಪರಿಹಾರದ ಕೋರಿಕೆಯ ಹೆಸರು SAFE-T. ಉಳಿದ ತಾಣಗಳಲ್ಲಿ ಮಾರಾಟಗಾರರ ಖಾತೆಯ ರಿಟರ್ನ್ ವಿಭಾಗದಲ್ಲಿ ದೂರಿನ ದಾರಿಯನ್ನು ಮೊದಲೇ ನೋಡಿಟ್ಟುಕೊಳ್ಳಿ. ಮೊದಲ ಸಲ ತಿರಸ್ಕರಿಸಿದರೆ ಮತ್ತೊಮ್ಮೆ ಪರಿಶೀಲಿಸಿ ಎಂದು ಕೇಳಿ. ಆಗ ಹೊಸ ವಾದಕ್ಕಿಂತ, ವಿಡಿಯೊದ ಯಾವ ನಿಮಿಷದಲ್ಲಿ ಏನು ಕಾಣುತ್ತದೆ ಎಂಬ ಪಟ್ಟಿ ಹೆಚ್ಚು ಕೆಲಸಕ್ಕೆ ಬರುತ್ತದೆ.

ಕಾನೂನು ಎಲ್ಲಿಯವರೆಗೆ?

‘ಟ್ಯಾಗ್ ಕತ್ತರಿಸಿದರೆ ರಿಟರ್ನ್ ಇಲ್ಲ’ ಎಂದು ಬರೆದುಕೊಂಡ ಮಾತ್ರಕ್ಕೆ ಎಲ್ಲ ಬಾಗಿಲೂ ಮುಚ್ಚುವುದಿಲ್ಲ. ಗ್ರಾಹಕ ಸಂರಕ್ಷಣೆಯ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ವಸ್ತುವಿನಲ್ಲಿ ದೋಷವಿದ್ದರೆ, ಅದು ನಕಲಿಯಾಗಿದ್ದರೆ ಅಥವಾ ವಿವರಣೆಯಲ್ಲಿ ಹೇಳಿದಂತೆ ಇರದಿದ್ದರೆ ಮಾರಾಟಗಾರ ವಾಪಸ್ ಪಡೆಯಲು ನಿರಾಕರಿಸುವಂತಿಲ್ಲ. ‘ರೇಷ್ಮೆ ಸೆರಗು’ ಎಂದು ಹಾಕಿ ಆರ್ಟ್ ಸಿಲ್ಕ್ ಕಳಿಸಿದವರನ್ನು ಯಾವ ಟ್ಯಾಗೂ ಕಾಯದು. ಟ್ಯಾಗಿನ ಷರತ್ತು ಉಪಯೋಗಕ್ಕೆ ಬರುವುದು ‘ಮನಸ್ಸು ಬದಲಾಯಿತು’ ಎಂಬ ರಿಟರ್ನ್‌ಗಳಿಗೆ. ಅದೂ ತಾಣದ ನಿಯಮಕ್ಕೆ ಒಪ್ಪುವಂತಿದ್ದರೆ ಮಾತ್ರ.

ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಮ್‌ನಲ್ಲಿ ನೇರವಾಗಿ ಮಾರುವವರು ತಮ್ಮ ಷರತ್ತನ್ನು ಹಣ ಪಡೆಯುವ ಮೊದಲೇ ಗ್ರಾಹಕರಿಗೆ ಕಳಿಸಿ ಒಪ್ಪಿಗೆ ಪಡೆಯಬೇಕು. ಎಷ್ಟು ದಿನದೊಳಗೆ ತಿಳಿಸಬೇಕು, ಟ್ಯಾಗ್ ಹೇಗಿರಬೇಕು, ಸೀರೆ ಪರೀಕ್ಷಿಸಿದ ಮೇಲೆ ಎಷ್ಟು ದಿನದಲ್ಲಿ ಹಣ ಮರಳುತ್ತದೆ ಎಂಬ ಮೂರು ಸಾಲು ಸಾಕು.

ಒಬ್ಬರೇ ಪದೇ ಪದೇ ಹೀಗೆ ಮಾಡಿ ಮೊತ್ತ ದೊಡ್ಡದಾದರೆ ಪೊಲೀಸರಿಗೆ ದೂರು ಕೊಡಬಹುದು. ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ವಂಚನೆಗೆ ಸಂಬಂಧಿಸಿದ್ದು. ವಿಡಿಯೊವನ್ನು ನ್ಯಾಯಾಲಯದಲ್ಲಿ ಹಾಜರುಪಡಿಸಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಮೂಲ ಫೈಲನ್ನು ಅಳಿಸಬೇಡಿ ಎನ್ನುವುದು ಇದಕ್ಕೇ. ₹1,500ರ ಒಂದು ಸೀರೆಗಾಗಿ ಠಾಣೆ, ಕೋರ್ಟು ಸುತ್ತುವುದು ಲಾಭದ ಮಾತಲ್ಲ.

ಪ್ರತಿ ಪಾರ್ಸೆಲ್ಲಿಗೂ ಇಷ್ಟು ಮಾಡಲು ಸಮಯವಿಲ್ಲ ಎನ್ನುವವರು ಒಂದು ಗೆರೆ ಎಳೆದುಕೊಳ್ಳಲಿ. ₹500ರ ಒಳಗಿನ ಸೀರೆಗೆ ಟ್ಯಾಗ್ ಮತ್ತು ಒಂದು ಫೋಟೊ, ಅದಕ್ಕಿಂತ ಮೇಲಿನದಕ್ಕೆ ಪೂರ್ತಿ ವಿಡಿಯೊ. ರಿಟರ್ನ್ ಒಡೆಯುವ ವಿಡಿಯೊವನ್ನು ಮಾತ್ರ ಯಾವ ಬೆಲೆಯ ಸೀರೆಗೂ ಬಿಡಬೇಡಿ.